ಕೆನ್ನೆಯ ಕೆಂಪು ಎಲ್ಲಿ ಕೂರಬೇಕು?

ಕೆನ್ನೆಗೆ ಹಚ್ಚುವ ಬ್ಲಶ್ ಮುಖಕ್ಕೆ ರಂಗು ತರುವುದರ ಜೊತೆಗೆ ಮುಖದ ಅಳತೆಯನ್ನೂ ನೋಡುವವರ ಕಣ್ಣಿಗೆ ತುಸು ಬದಲಿಸಿ ತೋರಿಸುತ್ತದೆ. ಒಂದೇ ಡಬ್ಬಿಯ ಒಂದೇ ಬಣ್ಣವನ್ನು ಕೆನ್ನೆಯ ನಟ್ಟನಡುವೆ ದುಂಡಗೆ ಹಚ್ಚಿದರೆ ಮುಖ ತುಂಬಿಕೊಂಡಂತೆ ಕಾಣುತ್ತದೆ. ಅದನ್ನೇ ಕಿವಿಯ ಮುಂದಿನಿಂದ ಓರೆಯಾಗಿ ಎಳೆದು ತಂದರೆ ಮುಖ ಸಪೂರವಾದಂತೆ ತೋರುತ್ತದೆ. ಅಡ್ಡಡ್ಡಲಾಗಿ ಹರಡಿದರೆ ಅಗಲವಾದಂತೆ ತೋರುತ್ತದೆ. ಮುಖದ ಮೇಲೆ ಸುತ್ತಲಿನದಕ್ಕಿಂತ ಗಾಢವಾದ ಬಣ್ಣದ ಪಟ್ಟಿ ಇದ್ದರೆ ಕಣ್ಣು ಆ ಪಟ್ಟಿ ಹೋದ ದಿಕ್ಕಿನಲ್ಲೇ ಓಡುತ್ತದೆ, ಆ ದಿಕ್ಕಿನ ಅಳತೆಯನ್ನೇ ಹೆಚ್ಚಾಗಿ ಗಮನಿಸುತ್ತದೆ.

ಆದ್ದರಿಂದ ಬ್ಲಶ್ ಹಚ್ಚುವಾಗ ತೀರ್ಮಾನಿಸಬೇಕಾದದ್ದು ಮೂರು ಸಂಗತಿ. ಬಣ್ಣ ಅತಿ ಗಾಢವಾಗಿ ಕೂರುವ ಜಾಗ ಯಾವುದು, ಅಲ್ಲಿಂದ ಅದು ಯಾವ ದಿಕ್ಕಿಗೆ ಸಾಗುತ್ತದೆ, ಮತ್ತು ಅದರ ಅಂಚು ಹೇಗೆ ಮುಗಿಯುತ್ತದೆ. ದುಂಡು ಮುಖಕ್ಕೆ ಮೊದಲನೆಯದು, ಉದ್ದ ಮುಖಕ್ಕೆ ಎರಡನೆಯದು, ಮೂಳೆಯ ಕೋನಗಳು ಎದ್ದು ಕಾಣುವ ಮುಖಕ್ಕೆ ಮೂರನೆಯದು ಮುಖ್ಯ. ಕ್ರೀಮ್ ಬ್ಲಶ್ ಮತ್ತು ಪೌಡರ್ ಬ್ಲಶ್ ಎರಡೂ ಈ ಮೂರನ್ನೂ ಮಾಡಬಲ್ಲವು, ಆದರೆ ಎರಡರ ನಡತೆ ಬೇರೆ.

ಬ್ಲಶ್ ಎಂದರೆ ಕಾಂಟೂರ್ ಅಲ್ಲ. ಕಾಂಟೂರ್‌ಗೆ ಬಳಸುವುದು ನೆರಳನ್ನು ಹೋಲುವ ಬೂದುಗಂದು ಬಣ್ಣ. ಅದು ಮುಖದ ಒಂದು ಭಾಗವನ್ನು ಒಳಗೆ ಸರಿಸಿದಂತೆ ತೋರಿಸುತ್ತದೆ. ಬ್ಲಶ್ ಚರ್ಮದಡಿಯ ರಕ್ತದ ಕೆಂಪನ್ನು ಅನುಕರಿಸುತ್ತದೆ. ಹೀಗಾಗಿ ಕೆನ್ನೆಯ ಗುಳಿಯಲ್ಲಿ ಬ್ಲಶ್ ತುಂಬಿದರೆ ಮುಖ ಸಪೂರವಾಗುವುದಿಲ್ಲ. ಯಾರೋ ಹೊಡೆದ ಗುರುತಿನಂತೆ ಕೆಂಪು ಕಲೆ ಉಳಿಯುತ್ತದೆ. ಬ್ಲಶ್‌ನ ಪರಿಣಾಮ ಎದುರಿನಿಂದ ನೋಡಿದಾಗ ಹೆಚ್ಚು, ಪಕ್ಕದಿಂದ ನೋಡಿದಾಗ ಕಡಿಮೆ ಎಂಬುದನ್ನೂ ನೆನಪಿಡಬೇಕು.

ಮುಖದ ಆಕಾರ ತಿಳಿಯುವುದು

ಮೈ ಅಳೆಯುವ ಟೇಪನ್ನು ಮುಖದ ಮೇಲೆ ಇಟ್ಟು ಅಳೆದರೆ ಮೂಗು, ಕೆನ್ನೆಗಳ ಉಬ್ಬೂ ಲೆಕ್ಕಕ್ಕೆ ಸೇರಿ ಅಳತೆ ತಪ್ಪುತ್ತದೆ. ಫೋಟೊ ತೆಗೆದು ಅಳೆಯುವುದೇ ಸುಲಭ. ಕೂದಲನ್ನು ಹಿಂದಕ್ಕೆ ಕಟ್ಟಿ, ಮುಖಭಾವ ಸಡಿಲವಾಗಿ ಬಿಟ್ಟು, ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ಇಟ್ಟು, ಸುಮಾರು ಒಂದೂವರೆ ಮೀಟರ್ ದೂರದಿಂದ ಬೇರೊಬ್ಬರು ತೆಗೆದ ಫೋಟೊ ಬೇಕು. ಕೈ ಚಾಚಿ ತೆಗೆದ ಸೆಲ್ಫಿ ಇದಕ್ಕೆ ಆಗದು. ಅಷ್ಟು ಹತ್ತಿರದಲ್ಲಿ ಮೂಗು ಹಿಗ್ಗಿ, ಕೆನ್ನೆಯ ಬದಿ ಮತ್ತು ಕಿವಿ ಹಿಂದೆ ಸರಿದು, ಅಗಲ ಮುಖವೂ ಉದ್ದವಾಗಿ ಕಾಣುತ್ತದೆ. ಸೆಲ್ಫಿ ನೋಡಿ ತನ್ನದು ಉದ್ದ ಮುಖ ಎಂದುಕೊಂಡವರಲ್ಲಿ ಕೆಲವರದು ನಿಜಕ್ಕೂ ದುಂಡು ಮುಖವೇ ಆಗಿರುತ್ತದೆ.

ಆ ಫೋಟೊದಲ್ಲಿ ಕೂದಲಂಚಿನಿಂದ ಗದ್ದದ ತುದಿಯವರೆಗೆ ಉದ್ದವನ್ನು, ಕೆನ್ನೆಮೂಳೆಗಳ ನಡುವೆ ಅಗಲವನ್ನು, ಕಿವಿಯ ಕೆಳಗೆ ದವಡೆ ತಿರುಗುವಲ್ಲಿ ದವಡೆಯ ಅಗಲವನ್ನು ಅಳೆಯಬೇಕು. ಉದ್ದವು ಅಗಲಕ್ಕಿಂತ ತುಸುವೇ ಹೆಚ್ಚಿದ್ದು, ದವಡೆ ಎಲ್ಲೂ ಮುರಿಯದೆ ನಯವಾಗಿ ತಿರುಗಿದ್ದರೆ ಅದು ದುಂಡು ಮುಖ. ಉದ್ದವು ಅಗಲದ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ ಉದ್ದ ಮುಖ. ದವಡೆಯ ಅಗಲ ಕೆನ್ನೆಮೂಳೆಯ ಅಗಲಕ್ಕೆ ಹತ್ತಿರವಿದ್ದು ಕಿವಿಯ ಕೆಳಗೆ ಮೂಲೆ ಸ್ಪಷ್ಟವಾಗಿ ಕಾಣುತ್ತಿದ್ದರೆ, ಅಥವಾ ಕೆನ್ನೆಮೂಳೆಯೇ ಚೂಪಾಗಿ ಎದ್ದಿದ್ದರೆ ಅದು ಕೋನದ ಮುಖ. ಈ ಲೆಕ್ಕ ಅಂದಾಜಿನದು. ಬಹುಪಾಲು ಮುಖಗಳು ಎರಡು ಆಕಾರಗಳ ನಡುವೆ ನಿಲ್ಲುತ್ತವೆ; ಅಂಥವಕ್ಕೆ ಏನು ಮಾಡಬೇಕೆಂಬುದು ಮುಂದೆ ಬರುತ್ತದೆ.

ಆಕಾರ ಯಾವುದೇ ಇರಲಿ, ಎಲ್ಲರಿಗೂ ಹೊಂದುವ ಎರಡು ಗಡಿಗಳಿವೆ. ಮೂಗಿನ ಹೊಳ್ಳೆಯಿಂದ ಎರಡು ಬೆರಳಗಲ ಬಿಟ್ಟು ಬಣ್ಣ ಶುರುವಾಗಬೇಕು. ಅದಕ್ಕಿಂತ ಒಳಗೆ ಬಂದರೆ ನೆಗಡಿಯಾದವರ ಮುಖದಂತೆ ಮೂಗಿನ ಸುತ್ತ ಕೆಂಪು ಕಾಣುತ್ತದೆ, ನಗುವಾಗ ಮೂಡುವ ಗೆರೆಯಲ್ಲಿ ಬಣ್ಣ ಸೇರಿ ಗೆರೆ ಆಳವಾಗುತ್ತದೆ. ಇನ್ನು ಮೂಗಿನ ಬುಡದಿಂದ ಕಿವಿಯತ್ತ ಅಡ್ಡಗೆರೆ ಎಳೆದರೆ ಅದರ ಕೆಳಗೆ ಬಣ್ಣ ಇಳಿಯಬಾರದು. ಇಳಿದರೆ ಕೆನ್ನೆ ಜೋತಂತೆ ಕಾಣುತ್ತದೆ.

ಕೆನ್ನೆಯ ಉಬ್ಬನ್ನು ಗುರುತಿಸಲು ನಗುವುದು ಸರಿ, ಆದರೆ ನಗುತ್ತಲೇ ಬಣ್ಣ ಹಚ್ಚುವುದು ಸರಿಯಲ್ಲ. ನಕ್ಕಾಗ ಕೆನ್ನೆಯ ಮಾಂಸ ಮೇಲಕ್ಕೆ ಏರುತ್ತದೆ. ಅಲ್ಲಿ ಹಚ್ಚಿದ ಬಣ್ಣ ನಗು ಇಳಿದೊಡನೆ ಕೆಳಕ್ಕೆ ಸರಿದು, ಈಗಷ್ಟೇ ಹೇಳಿದ ಗಡಿಯನ್ನೇ ದಾಟಬಹುದು. ನಕ್ಕು ಜಾಗ ನೋಡಿಕೊಂಡು, ಮುಖ ಸಡಿಲಿಸಿ, ಆಮೇಲೆ ಹಚ್ಚಬೇಕು.

ಕ್ರೀಮ್ ಮತ್ತು ಪೌಡರ್

ಪೌಡರ್ ಬ್ಲಶ್‌ನಲ್ಲಿ ಹೆಚ್ಚಿನ ಪಾಲು ಟಾಲ್ಕ್, ಮೈಕಾ ಮುಂತಾದ ಖನಿಜಗಳ ನುಣುಪು ಪುಡಿ. ಅದಕ್ಕೆ ಬಣ್ಣಕ್ಕಾಗಿ ಕಬ್ಬಿಣದ ಆಕ್ಸೈಡ್ ಮತ್ತು ಇತರ ವರ್ಣದ್ರವ್ಯಗಳನ್ನು, ಅಂಟಲು ಸ್ವಲ್ಪ ಎಣ್ಣೆಯಂಶವನ್ನು ಸೇರಿಸಿ ತಟ್ಟೆಯಲ್ಲಿ ಒತ್ತಿರುತ್ತಾರೆ. ಬ್ರಷ್ ಸೋಕಿದಾಗ ಮೇಲ್ಪದರ ಪುಡಿಯಾಗಿ ಕೂದಲಿಗೆ ಹತ್ತುತ್ತದೆ, ಅಲ್ಲಿಂದ ಚರ್ಮಕ್ಕೆ ಬರುತ್ತದೆ. ಕ್ರೀಮ್ ಬ್ಲಶ್‌ನಲ್ಲಿ ಅದೇ ವರ್ಣದ್ರವ್ಯಗಳು ಎಣ್ಣೆ, ಮೇಣ ಅಥವಾ ಸಿಲಿಕೋನ್‌ನಲ್ಲಿ ಬೆರೆತಿರುತ್ತವೆ. ಬೆರಳಿನ ಬಿಸಿಗೆ ಅದು ಮೆದುವಾಗಿ ಚರ್ಮದ ಮೇಲೆ ತೆಳುಪೊರೆಯಾಗಿ ಹರಡುತ್ತದೆ.

ಈ ವ್ಯತ್ಯಾಸದಿಂದಲೇ ಎರಡರ ಗುಣ ಹುಟ್ಟುತ್ತದೆ. ಕ್ರೀಮ್‌ಗೆ ಚರ್ಮದ ಹೊಳಪು ಉಳಿಯುತ್ತದೆ, ಅಂಚು ಕರಗಿಸುವುದು ಸುಲಭ, ಒಣಚರ್ಮಕ್ಕೆ ಹಿತ. ಆದರೆ ಬೆವರು, ಎಣ್ಣೆ ಜಾಸ್ತಿಯಾದರೆ ಇದ್ದ ಜಾಗದಿಂದ ಸರಿಯುತ್ತದೆ. ಪೌಡರ್ ಎಣ್ಣೆಯನ್ನು ಹೀರಿಕೊಂಡು ಇಟ್ಟ ಜಾಗದಲ್ಲೇ ಕೂರುತ್ತದೆ. ಆದರೆ ಒಣಗಿ ಹೊಪ್ಪಳೆ ಎದ್ದ ಚರ್ಮಕ್ಕೆ ಹಚ್ಚಿದರೆ ಆ ಹೊಪ್ಪಳೆಗಳನ್ನೇ ಹಿಡಿದು ಎತ್ತಿ ತೋರಿಸುತ್ತದೆ.

ಎರಡನ್ನೂ ಬಳಸುವಾಗ ಕ್ರಮ ಒಂದೇ: ಮೊದಲು ಕ್ರೀಮ್, ನಂತರ ಪೌಡರ್. ಕಾಂಪ್ಯಾಕ್ಟ್ ಪೌಡರ್ ಹಾಕಿ ಮುಗಿಸಿದ ಮುಖದ ಮೇಲೆ ಕ್ರೀಮ್ ತಿಕ್ಕಿದರೆ ಅದರ ಎಣ್ಣೆ ಪುಡಿಯನ್ನು ನೆನೆಸಿ ಅಲ್ಲಲ್ಲಿ ಗಂಟು ಕಟ್ಟುತ್ತದೆ, ಅಲ್ಲಲ್ಲಿ ಕೆಳಗಿನ ಫೌಂಡೇಶನ್ ಸಮೇತ ಎದ್ದು ಬರುತ್ತದೆ. ಕೆನ್ನೆ ತೇಪೆ ಹಾಕಿದಂತಾಯಿತೆಂದರೆ ಕ್ರಮ ತಲೆಕೆಳಗಾಗಿದೆ ಎಂದೇ ಅರ್ಥ.

ಎರಡಕ್ಕೂ ಸಮನಾಗಿ ಅನ್ವಯಿಸುವ, ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಬ್ರಷ್ ಅಥವಾ ಬೆರಳು ಮೊದಲು ತಾಗಿದ ಜಾಗದಲ್ಲಿ ಬಣ್ಣ ಅತಿ ಹೆಚ್ಚು ಬೀಳುತ್ತದೆ; ಮುಂದೆ ಸಾಗಿದಂತೆ ತೆಳುವಾಗುತ್ತದೆ. ಹಾಗಾಗಿ ಎಲ್ಲಿ ಗಾಢವಾಗಿರಬೇಕೋ ಅಲ್ಲಿಂದಲೇ ಶುರುಮಾಡಬೇಕು. ಮೂರು ಆಕಾರಗಳ ನಡುವಿನ ವ್ಯತ್ಯಾಸದಲ್ಲಿ ಅರ್ಧ ಈ ಮೊದಲ ಸ್ಪರ್ಶದ ಜಾಗದಲ್ಲೇ ಇದೆ.

ಬಣ್ಣದ ಆಯ್ಕೆಯಲ್ಲಿ ಗೋಧಿಬಣ್ಣದಿಂದ ಕಡುಕಂದಿನವರೆಗಿನ ಚರ್ಮದವರು ತಿಳಿ ಗುಲಾಬಿಯ ವಿಷಯದಲ್ಲಿ ಎಚ್ಚರವಾಗಿರಬೇಕು. ತಿಳಿ ಗುಲಾಬಿಗೆ ಆ ತಿಳಿತನ ಬರುವುದು ಬೆರೆಸಿದ ಬಿಳಿ ವರ್ಣದ್ರವ್ಯದಿಂದ, ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್‌ನಿಂದ. ಕಂದು ಚರ್ಮದ ಮೇಲೆ ಆ ಬಿಳಿಯೇ ಮುಂದೆ ಬಂದು ಕೆನ್ನೆಗೆ ಬೂದಿ ಬಳಿದಂತೆ ಕಾಣುತ್ತದೆ. ಹೆಂಚಿನ ಕೆಂಪು, ಇಟ್ಟಿಗೆ ಬಣ್ಣ, ಹವಳದ ಬಣ್ಣ, ಇನ್ನೂ ಗಾಢ ಚರ್ಮಕ್ಕೆ ನೇರಳೆಹಣ್ಣಿನ ಬಣ್ಣ ಚೆನ್ನಾಗಿ ಕೂರುತ್ತವೆ. ಡಬ್ಬಿಯಲ್ಲಿ ಹೆದರಿಸುವಷ್ಟು ಗಾಢವಾಗಿ ಕಂಡರೂ ತೆಳುವಾಗಿ ಹಚ್ಚಿದಾಗ ಇವು ಸಹಜವಾದ ಕೆಂಪಾಗುತ್ತವೆ.

ದುಂಡು ಮುಖ

ದುಂಡು ಮುಖದ ಕೆನ್ನೆಯ ಉಬ್ಬು ಮೊದಲೇ ತುಂಬಿರುತ್ತದೆ. ಅದರ ಮೇಲೆ ಮತ್ತೊಂದು ಕೆಂಪು ವೃತ್ತ ಬಂದರೆ ದುಂಡಗಿನ ಮೇಲೆ ದುಂಡಗು ಸೇರಿ ಅಗಲವೇ ಎದ್ದು ಕಾಣುತ್ತದೆ. ಇಲ್ಲಿ ಗಾಢ ಬಣ್ಣ ಮುಖದ ಹೊರಬದಿಯಲ್ಲಿ ಕೂತು, ಒಳಗೆ ಬರುತ್ತಾ ತಿಳಿಯಾಗಬೇಕು.

ಕಿವಿಯ ರಂಧ್ರದ ಮುಂದೆ ಇರುವ ಪುಟ್ಟ ದಿಬ್ಬದಿಂದ ಒಂದು ಬೆರಳಗಲ ಈಚೆಗೆ, ಕೆನ್ನೆಮೂಳೆಯ ಮೇಲೆ ಮೊದಲ ಸ್ಪರ್ಶ. ಅಲ್ಲಿಂದ ಮೂಗಿನ ಹೊಳ್ಳೆಯ ದಿಕ್ಕಿಗೆ ಓರೆಯಾಗಿ ಕೆಳಕ್ಕೆ ಬಂದು, ನೇರ ನೋಡುವಾಗ ಕಣ್ಣಿನ ಪಾಪೆಯಿಂದ ಕೆಳಗೆ ಎಳೆದ ಗೆರೆಗೆ ತಲುಪುವ ಮೊದಲೇ ನಿಲ್ಲಬೇಕು. ಬಳಿಕ ಬ್ರಷ್‌ನಲ್ಲಿ ಉಳಿದಿರುವ ಬಣ್ಣವನ್ನು ಮೇಲಕ್ಕೆ, ಕಣತಲೆಯ ಕಡೆಗೆ ತೆಳುವಾಗಿ ಕರಗಿಸಬೇಕು. ಹೀಗೆ ಪಟ್ಟಿ ನೇರ ಅಡ್ಡವೂ ಆಗದೆ, ನೇರ ಲಂಬವೂ ಆಗದೆ ಓರೆಯಾಗುತ್ತದೆ. ಕಣ್ಣು ಅದನ್ನು ಹಿಡಿದು ಮೇಲಕ್ಕೆ ಹೋಗುತ್ತದೆ, ಅಗಲದ ಕಡೆ ನಿಲ್ಲುವುದಿಲ್ಲ.

ಕ್ರೀಮ್ ಬಳಸುವುದಾದರೆ ಕೆನ್ನೆಮೂಳೆಯ ಉದ್ದಕ್ಕೂ ಒಂದರ ಮುಂದೊಂದು ಮೂರು ಚುಕ್ಕೆ ಸಾಕು. ಕಿವಿಯ ಕಡೆಯ ಚುಕ್ಕೆ ದೊಡ್ಡದು, ಒಳಗಿನದು ಅತಿ ಚಿಕ್ಕದು. ಉಂಗುರದ ಬೆರಳಿನಿಂದ ಹೊರಗಿನದನ್ನು ಮೊದಲು ತಟ್ಟಿ ಹರಡಬೇಕು. ಉಜ್ಜಿದರೆ ಕೆಳಗಿನ ಫೌಂಡೇಶನ್ ಕದಲುತ್ತದೆ. ಪೌಡರ್‌ಗೆ ತುದಿ ಓರೆಯಾಗಿ ಕತ್ತರಿಸಿದ ಬ್ರಷ್ ಅನುಕೂಲ, ಏಕೆಂದರೆ ಅದರ ಉದ್ದ ಭಾಗ ಕೆನ್ನೆಮೂಳೆಗೆ ಒರಗಿಕೊಳ್ಳುತ್ತದೆ. ಈ ಆಕಾರಕ್ಕೆ ಹೊಳಪಿನ ಕಣಗಳಿಲ್ಲದ ಮ್ಯಾಟ್ ಬ್ಲಶ್ ಒಳ್ಳೆಯದು. ಹೊಳೆಯುವ ಕಣಗಳು ಬೆಳಕನ್ನು ತಿರುಗಿಸಿ ಉಬ್ಬನ್ನು ಇನ್ನಷ್ಟು ಮುಂದಕ್ಕೆ ತರುತ್ತವೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಓರೆಯನ್ನು ಅತಿಮಾಡುವುದು. ಕೆಳತುದಿ ಬಾಯಿಯ ಮೂಲೆಯತ್ತ ಜಾರಿದರೆ ಪಟ್ಟಿ ಕೆನ್ನೆಯ ಗುಳಿಗೆ ಇಳಿಯುತ್ತದೆ, ಮೊದಲೇ ಹೇಳಿದ ಕೆಂಪು ಕಲೆ ಮೂಡುತ್ತದೆ. ಮೂಗಿನ ಬುಡದ ಗಡಿ ಇಲ್ಲಿಯೂ ಗಡಿಯೇ.

ಉದ್ದ ಮುಖ

ಉದ್ದ ಮುಖದಲ್ಲಿ ಹಣೆಯಿಂದ ಗದ್ದದವರೆಗಿನ ದಾರಿಯನ್ನು ಕಣ್ಣು ತಡೆಯಿಲ್ಲದೆ ಇಳಿಯುತ್ತದೆ. ನಡುವೆ ಒಂದು ಅಡ್ಡಪಟ್ಟಿ ಬಂದರೆ ಆ ಓಟ ಅಲ್ಲಿ ತಡೆದು ಬದಿಗೆ ತಿರುಗುತ್ತದೆ. ಆದ್ದರಿಂದ ಇಲ್ಲಿ ಬ್ಲಶ್ ಅಡ್ಡಲಾಗಿ ಸಾಗಬೇಕು.

ಮೊದಲ ಸ್ಪರ್ಶ ಕೆನ್ನೆಯ ಉಬ್ಬಿನ ಮೇಲೆ, ಪಾಪೆಯ ನೇರ ಕೆಳಗಿನ ಗೆರೆಯಿಂದ ತುಸು ಹೊರಗೆ. ಅಲ್ಲಿಂದ ಕಿವಿಯತ್ತ ನೆಲಕ್ಕೆ ಸಮಾಂತರವಾಗಿ ಹೋಗಿ ಕೂದಲಂಚಿಗೆ ಒಂದು ಬೆರಳಗಲ ಮೊದಲೇ ಕರಗಬೇಕು. ಕಣತಲೆಗೆ ಏರಬಾರದು. ಏರಿದರೆ ಅದು ದುಂಡು ಮುಖದ ಓರೆಗೆರೆಯಾಗಿ, ಇರುವ ಉದ್ದವನ್ನೇ ಇನ್ನಷ್ಟು ಎಳೆಯುತ್ತದೆ. ಪಟ್ಟಿಯ ಎತ್ತರ ಸುಮಾರು ಎರಡು ಬೆರಳಗಲ ಇರಲಿ. ಅದಕ್ಕಿಂತ ತೆಳುವಾದರೆ ಗೀಟು ಎಳೆದಂತಾಗುತ್ತದೆ, ದಪ್ಪವಾದರೆ ಅಡ್ಡ ಎಂಬ ಭಾವನೆಯೇ ಹೋಗುತ್ತದೆ.

1970ರ ದಶಕದಲ್ಲಿ ನ್ಯೂಯಾರ್ಕಿನ ಮೇಕಪ್ ಕಲಾವಿದ ವೇ ಬ್ಯಾಂಡಿ ಬ್ಲಶ್ ಅನ್ನು ಕೆನ್ನೆಯಿಂದ ಕಣತಲೆಯವರೆಗೆ ಹಬ್ಬಿಸುವ ಡ್ರೇಪಿಂಗ್ ಎಂಬ ಶೈಲಿಗೆ ಹೆಸರಾಗಿದ್ದ. ಆ ಶೈಲಿ ಈಗ ಮತ್ತೆ ಚಾಲ್ತಿಗೆ ಬಂದಿದೆ. ದುಂಡು ಮುಖದವರಿಗೆ ಅದು ಅನುಕೂಲಕರ. ಉದ್ದ ಮುಖದವರು ಅದನ್ನು ಹಾಗೆಯೇ ಅನುಸರಿಸಿದರೆ ಫಲ ಉಲ್ಟಾ ಆಗುತ್ತದೆ.

ಕ್ರೀಮ್ ಈ ಆಕಾರಕ್ಕೆ ಹೆಚ್ಚು ಒದಗುತ್ತದೆ, ಏಕೆಂದರೆ ಉಬ್ಬಿನ ಮೇಲೆ ಅದರ ಸಹಜ ಹೊಳಪು ಕೆನ್ನೆಯನ್ನು ತುಂಬಿದಂತೆ ತೋರಿಸುತ್ತದೆ. ಉಬ್ಬಿನ ಮೇಲೆ ಒಂದು ದೊಡ್ಡ ಚುಕ್ಕೆ, ಅದರ ಪಕ್ಕದಲ್ಲೇ ಅದೇ ಮಟ್ಟದಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟು ಅಡ್ಡಲಾಗಿ ತಟ್ಟಬೇಕು. ಪೌಡರ್ ಆದರೆ ದುಂಡುತಲೆಯ ಮೃದು ಬ್ರಷ್‌ನಿಂದ ಒಳಗಿನಿಂದ ಹೊರಕ್ಕೆ ಸಣ್ಣ ಸಣ್ಣ ಬೀಸು. ಬ್ರಷ್ ಹಿಡಿದ ಕೈ ಅರಿವಿಲ್ಲದೆ ಮೇಲಕ್ಕೆ ಹೋಗುವುದುಂಟು, ಅದರಲ್ಲೂ ಹೆಚ್ಚು ರೂಢಿಯಿರುವ ಕೈಯಲ್ಲಿ. ಹೀಗಾಗಿಯೇ ಎಷ್ಟೋ ಸಲ ಬಲಗೆನ್ನೆಯ ಪಟ್ಟಿ ಎಡಗೆನ್ನೆಯದಕ್ಕಿಂತ ಎತ್ತರದಲ್ಲಿರುತ್ತದೆ. ಎರಡೂ ಕೆನ್ನೆಗೆ ಮೊದಲ ಸ್ಪರ್ಶ ಮಾಡಿ ಮಟ್ಟ ಹೋಲಿಸಿ ನೋಡಿದ ನಂತರವೇ ಹರಡಲು ತೊಡಗಿದರೆ ಈ ತಪ್ಪು ತಪ್ಪುತ್ತದೆ.

ಕೋನದ ಮುಖ

ಚೌಕ ದವಡೆಯ ಅಥವಾ ಚೂಪು ಕೆನ್ನೆಮೂಳೆಯ ಮುಖದಲ್ಲಿ ನೇರ ಗೆರೆಗಳು ಮೊದಲೇ ಇವೆ. ಅವುಗಳ ಪಕ್ಕದಲ್ಲಿ ಇನ್ನೊಂದು ನೇರ ಪಟ್ಟಿ ಬಂದರೆ ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ಆದ್ದರಿಂದ ಇಲ್ಲಿ ಬಣ್ಣಕ್ಕೆ ದಿಕ್ಕಿಗಿಂತ ಬಾಗು ಮುಖ್ಯ, ಅದರ ಅಂಚು ಎಲ್ಲಿ ಮುಗಿಯಿತೆಂದು ಗೊತ್ತಾಗಬಾರದು.

ಮೊದಲ ಸ್ಪರ್ಶ ಉಬ್ಬಿನ ನಡುವೆ. ಅಲ್ಲಿಂದ ಸಣ್ಣ ವೃತ್ತಗಳಲ್ಲಿ ಹೊರಗೆ ಹರಡುತ್ತಾ, ಕಣ್ಣಿನ ಹೊರತುದಿಯ ಕೆಳಗೆ ಬಂದಾಗ ಸ್ವಲ್ಪ ಮೇಲಕ್ಕೆ ಬಾಗಿಸಿ ನಿಲ್ಲಿಸಬೇಕು. ಆಕಾರ ಅರ್ಧಚಂದ್ರದ್ದು. ಕೆನ್ನೆಮೂಳೆಯ ಏಣಿನ ಉದ್ದಕ್ಕೂ ಬಣ್ಣ ಎಳೆಯಬಾರದು. ಏಣನ್ನು ದಾಟಿ ಎರಡೂ ಬದಿಗೆ ತೆಳುವಾಗಿ ಹಬ್ಬಬೇಕು. ಹಾಗೆ ಹಬ್ಬಿದಾಗ ಏಣಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಒಂದೇ ಬಣ್ಣ ಬಂದು ಅವುಗಳ ನಡುವಿನ ಅಂತರ ಮೃದುವಾಗುತ್ತದೆ.

ಅಂಚು ಮುಖ್ಯವಾದ್ದರಿಂದ ಕೋನದ ಮುಖಕ್ಕೆ ಕ್ರೀಮ್‌ನಿಂದ ಶುರುಮಾಡುವುದು ಲೇಸು. ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಅಂಚನ್ನಷ್ಟೇ ತಟ್ಟುತ್ತಾ ಬಂದರೆ ಬಣ್ಣ ಚರ್ಮದೊಳಗೆ ಇಳಿದಂತೆ ಕಾಣುತ್ತದೆ. ಪೌಡರ್ ಒಂದನ್ನೇ ಬಳಸುವವರು ಗಟ್ಟಿ ಕೂದಲಿನ ಬ್ರಷ್ ಬಿಟ್ಟು ಸಡಿಲ ಕೂದಲಿನ ದೊಡ್ಡ ಬ್ರಷ್ ಹಿಡಿಯಬೇಕು. ಗಟ್ಟಿ ಬ್ರಷ್ ಬಣ್ಣವನ್ನು ಒಂದೇ ಕಡೆ ಒತ್ತಿ ಗೆರೆ ಮೂಡಿಸುತ್ತದೆ. ಹೊಳಪಿನ ಬ್ಲಶ್ ಮೂಳೆಯ ತುದಿಯಲ್ಲಿ ಬೇಡ, ಹಚ್ಚುವುದೇ ಆದರೆ ಉಬ್ಬಿನ ನಡುವೆ ಮಾತ್ರ.

ಎರಡನ್ನೂ ಒಂದರ ಮೇಲೊಂದು ಹಚ್ಚುವುದು

ಬೆಳಗ್ಗೆ ಹಚ್ಚಿದ್ದು ಸಂಜೆಯವರೆಗೆ ಉಳಿಯಬೇಕಾದಾಗ ಕ್ರೀಮ್ ಮೇಲೆ ಪೌಡರ್ ಕೂರಿಸುತ್ತಾರೆ. ಕೆಳಗಿನ ಕ್ರೀಮ್ ಅಂಟಿನಂತೆ ಪುಡಿಯನ್ನು ಹಿಡಿಯುತ್ತದೆ, ಮೇಲಿನ ಪುಡಿ ಎಣ್ಣೆಯನ್ನು ಹೀರಿ ಕ್ರೀಮ್ ಸರಿಯದಂತೆ ನೋಡಿಕೊಳ್ಳುತ್ತದೆ. ಕರಾವಳಿಯ ಬೇಸಿಗೆಯ ಸೆಕೆಯಲ್ಲಿ ಬರೀ ಕ್ರೀಮ್ ಹಚ್ಚಿ ಮದುವೆಮನೆಗೆ ಹೋದರೆ ಊಟದ ಹೊತ್ತಿಗೆ ಬಣ್ಣ ಕೆನ್ನೆಯಿಂದ ಕರವಸ್ತ್ರಕ್ಕೆ ಬಂದಿರುತ್ತದೆ. ಬಯಲುಸೀಮೆಯ ಚಳಿಗಾಲದ ಒಣಹವೆಯಲ್ಲಿ ಮೇಲಿನ ಪೌಡರ್ ಬಿಟ್ಟರೂ ನಡೆಯುತ್ತದೆ.

ಫೌಂಡೇಶನ್ ಕೂತ ಬಳಿಕ, ಕಾಂಪ್ಯಾಕ್ಟ್ ಹಾಕುವ ಮೊದಲು ಕ್ರೀಮ್ ಬ್ಲಶ್ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಬೆರಳು ಸೋಕಿದರೆ ಅಂಟುವುದು ಕಡಿಮೆಯಾದಾಗ ಬಣ್ಣವಿಲ್ಲದ ಪೌಡರನ್ನು ತೀರ ತೆಳುವಾಗಿ ಒತ್ತಬೇಕು. ಆಮೇಲೆ ಕ್ರೀಮಿನದೇ ಬಣ್ಣದ ಬಳಗದ, ತುಸು ತಿಳಿಯಾದ ಪೌಡರ್ ಬ್ಲಶ್. ಕ್ರೀಮ್ ಹರಡಿದಷ್ಟೇ ಜಾಗಕ್ಕೆ ಪೌಡರ್ ಸೀಮಿತವಾಗಿರಬೇಕು. ಅದಕ್ಕಿಂತ ಹೊರಗೆ ಹೋದರೆ ಒಳಗೊಂದು, ಹೊರಗೊಂದು ಎಂದು ಎರಡು ಅಂಚು ಮೂಡುತ್ತವೆ. ಮೊದಲ ಪದರ ಬೇಕಿರುವುದಕ್ಕಿಂತ ತೆಳುವಾಗಿಯೇ ಇರಲಿ. ಎರಡು ಪದರ ಸೇರಿ ಪೂರ್ತಿ ಬಣ್ಣ ಬರುತ್ತದೆ.

ಒಂದು ಉದಾಹರಣೆ

ಎರಡು ಆಕಾರ ಬೆರೆತ ಮುಖವೊಂದನ್ನು ತೆಗೆದುಕೊಳ್ಳಬಹುದು. ಫೋಟೊದ ಮೇಲೆ ಸ್ಕೇಲ್ ಇಟ್ಟು ಅಳೆದಾಗ ಉದ್ದ 8 ಸೆಂ.ಮೀ., ಕೆನ್ನೆಮೂಳೆಯ ಅಗಲ 5.2 ಸೆಂ.ಮೀ., ದವಡೆಯ ಅಗಲ 4.8 ಸೆಂ.ಮೀ. ಉದ್ದವನ್ನು ಅಗಲದಿಂದ ಭಾಗಿಸಿದರೆ ಸುಮಾರು 1.54, ಅಂದರೆ ಉದ್ದ ಮುಖ. ದವಡೆಯ ಅಗಲ ಕೆನ್ನೆಮೂಳೆಯ ಅಗಲಕ್ಕಿಂತ ಕಡಿಮೆಯಿರುವುದು 0.4 ಸೆಂ.ಮೀ. ಮಾತ್ರ, ಕಿವಿಯ ಕೆಳಗೆ ಮೂಲೆಯೂ ಕಾಣುತ್ತದೆ, ಅಂದರೆ ಕೋನವೂ ಇದೆ. ಚರ್ಮ ಮಧ್ಯಮ ಕಂದು, ಕೆನ್ನೆಯಲ್ಲಿ ಎಣ್ಣೆಯಂಶವಿದೆ, ಸಂದರ್ಭ ಮಧ್ಯಾಹ್ನದ ಮದುವೆ.

ಇಲ್ಲಿ ಎರಡು ಆಕಾರಗಳ ನಿಯಮಗಳು ಜಗಳವಾಡುವುದಿಲ್ಲ, ಏಕೆಂದರೆ ಅವು ಬೇರೆ ಬೇರೆ ಸಂಗತಿಗಳನ್ನು ನಿರ್ಧರಿಸುತ್ತವೆ. ಉದ್ದವು ದಿಕ್ಕನ್ನು ಹೇಳುತ್ತದೆ: ಅಡ್ಡಲಾಗಿ. ಕೋನವು ಅಂಚನ್ನು ಹೇಳುತ್ತದೆ: ಬಾಗಿ, ಕರಗಿ. ಹಾಗಾಗಿ ಮೊದಲ ಸ್ಪರ್ಶ ಉಬ್ಬಿನ ಮೇಲೆ. ಹೆಂಚಿನ ಕೆಂಪಿನ ಕ್ರೀಮ್ ಅನ್ನು ಬೆರಳತುದಿಯಲ್ಲಿ ತೆಗೆದು, ಮೊದಲು ಅಂಗೈಯ ಹಿಂಬದಿಗೆ ಒಮ್ಮೆ ತಟ್ಟಿ ಹೆಚ್ಚಾದದ್ದನ್ನು ಅಲ್ಲೇ ಬಿಟ್ಟು, ಉಬ್ಬಿನ ಮೇಲೆ ಒಂದು ಚುಕ್ಕೆ, ಕಿವಿಯತ್ತ ಅದೇ ಮಟ್ಟದಲ್ಲಿ ಒಂದು ಸಣ್ಣ ಚುಕ್ಕೆ ಇಡಬೇಕು. ಎರಡನ್ನೂ ಅಡ್ಡಲಾಗಿ ತಟ್ಟಿ ಸೇರಿಸಿ, ಒದ್ದೆ ಸ್ಪಾಂಜಿನಿಂದ ಮೇಲಂಚು, ಕೆಳಂಚುಗಳನ್ನು ವೃತ್ತಾಕಾರವಾಗಿ ಕರಗಿಸಬೇಕು. ಹೊರತುದಿ ಚೌಕವಾಗಿ ನಿಲ್ಲದೆ ದುಂಡಗೆ ಮುಗಿಯಬೇಕು. ಚೌಕವಾಗಿ ನಿಂತರೆ ಅದು ದವಡೆಯ ಮೂಲೆಯನ್ನೇ ನೆನಪಿಸುತ್ತದೆ.

ಒಂದೆರಡು ನಿಮಿಷ ಬಿಟ್ಟು ಬಣ್ಣವಿಲ್ಲದ ಪೌಡರ್ ಒತ್ತಿ, ತುಸು ತಿಳಿಯಾದ ಹವಳದ ಬಣ್ಣದ ಮ್ಯಾಟ್ ಪೌಡರನ್ನು ಬ್ರಷ್‌ಗೆ ತೆಗೆದುಕೊಳ್ಳಬೇಕು. ಬ್ರಷ್‌ನ ಹಿಡಿಯನ್ನು ಮೇಜಿನ ಅಂಚಿಗೆ ಒಮ್ಮೆ ಬಡಿದರೆ ಹೆಚ್ಚಿನ ಪುಡಿ ಉದುರುತ್ತದೆ. ಉಬ್ಬಿನಿಂದ ಹೊರಕ್ಕೆ ಎರಡು ಮೂರು ಬೀಸು ಸಾಕು. ಕೊನೆಗೆ ಬ್ರಷ್‌ನಲ್ಲಿ ಉಳಿದದ್ದನ್ನು ಗದ್ದದ ತುದಿಗೆ ಒಮ್ಮೆ ಸೋಕಿಸಬಹುದು. ಉದ್ದ ಮುಖದ ಕೆಳತುದಿಯಲ್ಲಿ ಆ ಎಳೆಬಣ್ಣ ಗದ್ದವನ್ನು ತುಸು ಮೊಟಕಾಗಿ ತೋರಿಸುತ್ತದೆ. ದವಡೆಯ ಮೂಲೆಗಳಿಗೆ ಮಾತ್ರ ಬ್ಲಶ್ ಸೋಕಬಾರದು. ಕೆಂಪು ಕಣ್ಣನ್ನು ಅಲ್ಲಿಗೇ ಕರೆಯುತ್ತದೆ.

ದುಂಡು ಮುಖಕ್ಕೆ ಚೂಪು ಕೆನ್ನೆಮೂಳೆ ಸೇರಿದ್ದರೂ ಇದೇ ರೀತಿ ಯೋಚಿಸಬಹುದು. ಗಾಢ ಜಾಗವನ್ನು ದುಂಡುತನ ಹೊರಬದಿಗೆ ಕಳಿಸುತ್ತದೆ, ಅಂಚನ್ನು ಕೋನ ಮೃದುಗೊಳಿಸುತ್ತದೆ.

ತಪ್ಪಿದ್ದು ಹೇಗೆ ತಿಳಿಯುತ್ತದೆ, ಹೇಗೆ ತಿದ್ದುವುದು

ಕನ್ನಡಿಗೆ ಮೂಗು ತಾಗಿಸಿ ನೋಡಿದರೆ ಚರ್ಮದ ರಂಧ್ರ ಕಾಣುತ್ತದೆ, ಮುಖದ ಅಳತೆ ಕಾಣುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಕನ್ನಡಿಯಿಂದ ಎರಡು ಮೂರು ಹೆಜ್ಜೆ ಹಿಂದೆ ನಿಂತು ನೋಡಬೇಕು. ಆ ದೂರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬ್ಲಶ್ ಆಗಿದ್ದರೆ ಅದು ಹೆಚ್ಚಾಗಿದೆ. ಹಳದಿ ಬಲ್ಬಿನ ಕೆಳಗೆ ಕೆಂಪು ಮಂಕಾಗಿ ಕಾಣುವುದರಿಂದ ಕೈ ತಾನಾಗಿ ಹೆಚ್ಚು ಹಚ್ಚುತ್ತದೆ. ಹಗಲಿಗೆ ಹೊರಬಂದಾಗ ಕೆನ್ನೆ ಕೆಂಪಗೆ ಉರಿಯುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಫೋಟೊದ ಫ್ಲ್ಯಾಶ್ ಬಣ್ಣವನ್ನು ತೊಳೆದುಬಿಡುತ್ತದೆ. ಫ್ಲ್ಯಾಶ್‌ನಲ್ಲಿ ಫೋಟೊ ತೆಗೆಸಿಕೊಳ್ಳುವ ದಿನ ಒಂದು ಪದರ ಹೆಚ್ಚು ಹಚ್ಚುವುದಕ್ಕೆ ಅರ್ಥವಿದೆ.

ಬಣ್ಣ ಹೆಚ್ಚಾದರೆ ಒರೆಸಬಾರದು. ಒರೆಸಿದರೆ ಫೌಂಡೇಶನ್ ಕೂಡ ಬಂದು ತೇಪೆ ಬೀಳುತ್ತದೆ. ಕ್ರೀಮ್ ಹೆಚ್ಚಾಗಿದ್ದರೆ ಫೌಂಡೇಶನ್ ಹಚ್ಚಿದ ಸ್ಪಾಂಜನ್ನೇ ಅದರ ಮೇಲೆ ತಟ್ಟಬೇಕು. ಸ್ಪಾಂಜಿನಲ್ಲಿ ಉಳಿದ ಫೌಂಡೇಶನ್ ಕೆಂಪಿನ ಮೇಲೆ ತೆಳುಮುಸುಕು ಹಾಕುತ್ತದೆ. ಪೌಡರ್ ಹೆಚ್ಚಾಗಿದ್ದರೆ ಬಣ್ಣ ತಾಗದ ಶುಭ್ರ ಬ್ರಷ್‌ನಿಂದ ಅಂಚಿನಿಂದ ಒಳಗೆ ಬೀಸಿ, ಸಾಲದಿದ್ದರೆ ಬಣ್ಣವಿಲ್ಲದ ಪೌಡರ್ ಒತ್ತಬೇಕು. ಬಣ್ಣ ಕೆಳಗೆ ಇಳಿದಿದ್ದರೆ ಕೆಳಂಚಿಗಷ್ಟೇ ಫೌಂಡೇಶನ್ ತಟ್ಟಿ ಗಡಿಯನ್ನು ಮೇಲಕ್ಕೆ ತರಬಹುದು. ಇಡೀ ಕೆನ್ನೆ ತೊಳೆದು ಮತ್ತೆ ಶುರುಮಾಡುವುದು ಕ್ರಮ ತಪ್ಪಿ ಗಂಟು ಕಟ್ಟಿದಾಗ ಮಾತ್ರ ಅನಿವಾರ್ಯ.

ಕೆಲವು ಸಲ ತಪ್ಪು ಕೈಯದಲ್ಲ, ಡಬ್ಬಿಯದು. ಪೌಡರ್ ಬ್ಲಶ್ ಬ್ರಷ್‌ಗೆ ಹತ್ತುವುದೇ ನಿಂತು ಅದರ ಮೇಲ್ಮೈ ಗಟ್ಟಿಯಾಗಿ ಮಿಣುಗುತ್ತಿದ್ದರೆ, ಕ್ರೀಮ್ ತಾಗಿದ ಬ್ರಷ್‌ನ ಎಣ್ಣೆ ಸೇರಿ ಪೊರೆ ಕಟ್ಟಿದೆ ಎಂದರ್ಥ. ಸೆಲ್ಲೋಟೇಪಿನ ತುಂಡನ್ನು ಮೆಲ್ಲಗೆ ಅಂಟಿಸಿ ಎತ್ತಿದರೆ ಆ ಪೊರೆ ಬಂದು ಕೆಳಗಿನ ಪುಡಿ ಮತ್ತೆ ಬಿಡುತ್ತದೆ. ಕ್ರೀಮಿಗೂ ಪೌಡರಿಗೂ ಬೇರೆ ಬೇರೆ ಬ್ರಷ್ ಇಟ್ಟುಕೊಂಡರೆ ಈ ತೊಂದರೆಯೇ ಬರುವುದಿಲ್ಲ. ಕ್ರೀಮ್ ಬ್ಲಶ್‌ನಲ್ಲಿ ಕಮಟು ವಾಸನೆ ಬಂದರೆ ಅಥವಾ ಎಣ್ಣೆ ಬೇರ್ಪಟ್ಟು ಮೇಲೆ ನಿಂತರೆ ಅದನ್ನು ಎಸೆಯಬೇಕು. ಮೊಡವೆ ಕೆಂಪಾಗಿ ಎದ್ದಿರುವ ಕೆನ್ನೆಗೆ ಯಾವ ಬ್ಲಶ್ ಹಚ್ಚಿದರೂ ಕೆಂಪಿಗೆ ಕೆಂಪು ಸೇರಿ ಮೊಡವೆಯೇ ಎದ್ದು ಕಾಣುತ್ತದೆ. ಅಲ್ಲಿ ಮೊದಲು ಆ ಕೆಂಪನ್ನು ಕನ್ಸೀಲರ್‌ನಿಂದ ಮುಚ್ಚಿ, ಆಮೇಲೆ ಬ್ಲಶ್‌ಗೆ ಜಾಗ ನೋಡಬೇಕು.